ಫಿಸಿಯಾಲಜಿ ಓದುವ ರೀತಿಯ ಬಗ್ಗೆ ಸಹಪಾಠಿಗೆ ಪತ್ರ

ಮೈಸೂರು
ಭಾನುವಾರ

ಪ್ರಿಯ ಮೇಘನಾ,

ಮೊದಲ ಇಂಟರ್ನಲ್ಸ್‌ನಲ್ಲಿ ಫಿಸಿಯಾಲಜಿಯ ಅಂಕಗಳನ್ನು ಕಂಡು ನೀನು ಕುಗ್ಗಿಹೋಗಿರುವುದು ನನಗೆ ಗೊತ್ತು. ನೀನು ಓದಲಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಹಾಸ್ಟೆಲಿನಲ್ಲಿ ಎಲ್ಲರಿಗಿಂತ ತಡವಾಗಿ ಮಲಗುವವಳು ನೀನೇ. ಆದರೆ ನೀನು ತೋರಿಸಿದ ಉತ್ತರಪತ್ರಿಕೆಯನ್ನು ಗಮನವಿಟ್ಟು ನೋಡಿದ ಮೇಲೆ, ಕೊರತೆ ಇರುವುದು ಶ್ರಮದಲ್ಲಲ್ಲ, ಓದುವ ಕ್ರಮದಲ್ಲಿ ಎಂದು ನನಗೆ ಖಚಿತವಾಗಿದೆ.

ನರ-ಸ್ನಾಯು ಸಂಧಿಯ ಪ್ರಶ್ನೆಯನ್ನೇ ತೆಗೆದುಕೋ. ನರದ ತುದಿಗೆ ಆವೇಗ ತಲುಪುವುದು, ಕ್ಯಾಲ್ಸಿಯಂ ಒಳಬರುವುದು, ಅಸಿಟೈಲ್‌ಕೋಲಿನ್ ಬಿಡುಗಡೆಯಾಗುವುದು, ಅದು ರಿಸೆಪ್ಟರ್‌ಗೆ ಅಂಟಿದಾಗ ಸೋಡಿಯಂ ನುಗ್ಗಿ ಎಂಡ್‌ಪ್ಲೇಟ್ ಪೊಟೆನ್ಶಿಯಲ್ ಹುಟ್ಟುವುದು, ಎಲ್ಲವನ್ನೂ ತಪ್ಪಿಲ್ಲದೆ ಬರೆದಿದ್ದೀಯ. ಅದರ ಕೆಳಗೇ ಇದ್ದ, ಮಯಸ್ತೀನಿಯಾ ಗ್ರೇವಿಸ್‌ನಲ್ಲಿ ಕೆಲಸ ಮಾಡಿದಷ್ಟೂ ಸ್ನಾಯು ಏಕೆ ಸೋಲುತ್ತದೆ ಎಂಬ ಪ್ರಶ್ನೆಗೆ ಮಾತ್ರ ಜಾಗ ಖಾಲಿ ಬಿಟ್ಟಿದ್ದೀಯ. ಉತ್ತರ ನೀನು ಬರೆದ ಸಾಲುಗಳಲ್ಲೇ ಇತ್ತು, ಮೇಘನಾ. ಆವೇಗಗಳು ಒಂದರ ಹಿಂದೊಂದು ಬಂದಾಗ ಪ್ರತಿ ಸಲ ಹೊರಬೀಳುವ ಅಸಿಟೈಲ್‌ಕೋಲಿನ್ ನಮ್ಮೆಲ್ಲರಲ್ಲೂ ಸ್ವಲ್ಪ ಸ್ವಲ್ಪವೇ ಇಳಿಯುತ್ತದೆ. ರಿಸೆಪ್ಟರ್‌ಗಳು ಧಾರಾಳವಾಗಿರುವುದರಿಂದ ನಮಗೆ ತೊಂದರೆಯಾಗುವುದಿಲ್ಲ. ಆ್ಯಂಟಿಬಾಡಿಗಳು ರಿಸೆಪ್ಟರ್‌ಗಳನ್ನು ಕಡಿಮೆ ಮಾಡಿದವರಲ್ಲಿ ಅದೇ ಇಳಿಕೆಯಿಂದ ಪೊಟೆನ್ಶಿಯಲ್ ಥ್ರೆಶೋಲ್ಡ್ ಮುಟ್ಟದೆ ಹೋಗುತ್ತದೆ. ಇಷ್ಟು ಹೊಳೆದರೆ, ಅಸಿಟೈಲ್‌ಕೋಲಿನನ್ನು ಒಡೆಯುವ ಕಿಣ್ವವನ್ನು ತಡೆಯುವ ನಿಯೋಸ್ಟಿಗ್ಮಿನ್ ಏಕೆ ಬಲ ಕೊಡುತ್ತದೆ ಎಂಬುದನ್ನು ಬಾಯಿಪಾಠ ಮಾಡಬೇಕಾಗಿಯೇ ಇಲ್ಲ.

ಅನಾಟಮಿಯನ್ನು ಓದುವ ಹಾಗೆ ನೀನು ಇದನ್ನೂ ಹೆಸರುಗಳ ಪಟ್ಟಿಯಾಗಿ ಓದುತ್ತಿದ್ದೀಯ. ದಯವಿಟ್ಟು ಅದನ್ನು ಬಿಡು. ಒಂದು ವಿಷಯ ಓದಿದ ಕೂಡಲೇ ಪುಸ್ತಕ ಮುಚ್ಚಿ, ಖಾಲಿ ಹಾಳೆಯ ಮೇಲೆ ಕಾರಣದಿಂದ ಪರಿಣಾಮಕ್ಕೆ ಬಾಣ ಎಳೆಯುತ್ತಾ ಹೋಗು. ಬಳಿಕ ನಡುವಿನ ಒಂದು ಹಂತವನ್ನು ಅಳಿಸಿ, ಮುಂದೆ ಏನಾಗುತ್ತದೆ ಎಂದು ನಿನ್ನನ್ನೇ ಕೇಳಿಕೋ. ಎರಿತ್ರೋಪೊಯಟಿನ್ ಮುಖ್ಯವಾಗಿ ಮೂತ್ರಪಿಂಡದಲ್ಲಿ ತಯಾರಾಗುತ್ತದೆ ಎಂಬ ಒಂದೇ ಸಾಲಿನಿಂದ, ಮೂತ್ರಪಿಂಡ ಕೆಟ್ಟವರಿಗೆ ರಕ್ತಹೀನತೆ ಏಕೆ ಬರುತ್ತದೆ ಎಂಬುದನ್ನು ನೀನೇ ಹೇಳಬಲ್ಲೆ. ಗ್ರಾಫ್‌ಗಳನ್ನೂ ಹೀಗೆಯೇ ಓದು. ನಿನ್ನ ಆಕ್ಷನ್ ಪೊಟೆನ್ಶಿಯಲ್ ಚಿತ್ರ ತರಗತಿಯಲ್ಲೇ ಅಂದವಾಗಿತ್ತು, ಆದರೆ ಅಕ್ಷಗಳಲ್ಲಿ ಮಿಲಿವೋಲ್ಟ್ ಆಗಲಿ ಮಿಲಿಸೆಕೆಂಡ್ ಆಗಲಿ ಇರಲಿಲ್ಲ, ಗೆರೆ ಏರುವಾಗ ಯಾವ ಚಾನೆಲ್ ತೆರೆದಿದೆ ಎಂಬ ಗುರುತೂ ಇರಲಿಲ್ಲ.

ಹೀಗೆ ಓದುವಾಗ ಮೊದಮೊದಲು ಪುಟಗಳು ನಿಧಾನವಾಗಿ ಸಾಗುತ್ತವೆ, ಅದಕ್ಕೆ ಗಾಬರಿಯಾಗಬೇಡ. ವೈವಾದಲ್ಲಿ ಮೇಡಂ ಕೇಳುವುದು ಹೆಚ್ಚಾಗಿ ‘ಏಕೆ’ ಎಂದೇ, ಮುಂದೆ ವಾರ್ಡಿನಲ್ಲಿ ರೋಗಿಯ ಪಕ್ಕ ನಿಂತಾಗ ಬೇಕಾಗುವುದೂ ಅದೇ.

ಮಂಗಳವಾರ ಪ್ರಾಕ್ಟಿಕಲ್ಸ್ ಮುಗಿದ ಮೇಲೆ ಲೈಬ್ರರಿಗೆ ಬಾ. ಕಾರ್ಡಿಯಾಕ್ ಔಟ್‌ಪುಟ್‌ನಿಂದ ಶುರು ಮಾಡೋಣ. ನೀನು ವಿವರಿಸು, ಪ್ರಶ್ನೆ ಕೇಳುವ ಕೆಲಸ ನನಗಿರಲಿ.

ನಿನ್ನ ಗೆಳತಿ,
ಚೈತ್ರಾ