ಅಮಾನತಿನಲ್ಲಿರುವ ವ್ಯಾಪಾರಿ ಖಾತೆಯನ್ನು ಮತ್ತೆ ತೆರೆಯುವಂತೆ ಕೋರಿ ಮನವಿ

ಇಳಕಲ್, ಬಾಗಲಕೋಟೆ ಜಿಲ್ಲೆ
18 ಆಗಸ್ಟ್ 2025

ಇವರಿಂದ:
ಸಾವಿತ್ರಿ ಬ. ಕಂದಕೂರ
ಕೈಮಗ್ಗ ಸೀರೆಗಳ ವ್ಯಾಪಾರಿ, ಬಜಾರ್ ಓಣಿ, ಇಳಕಲ್ – 587125

ಇವರಿಗೆ:
ದೂರು ಪರಿಹಾರ ಅಧಿಕಾರಿಗಳು
ವ್ಯಾಪಾರಿ ಖಾತೆಗಳ ವಿಭಾಗ, ಬೆಂಗಳೂರು

ವಿಷಯ: 4471 ಎಂದು ಕೊನೆಗೊಳ್ಳುವ ನನ್ನ ವ್ಯಾಪಾರಿ ಖಾತೆಯ ಅಮಾನತು ತೆರವುಗೊಳಿಸುವ ಮತ್ತು ತಡೆಹಿಡಿದ ಹಣ ಬಿಡುಗಡೆ ಮಾಡುವ ಕುರಿತು.

ಮಾನ್ಯರೇ,

ನಿಮ್ಮ ಕಂಪನಿಯ ಕ್ಯೂಆರ್ ಫಲಕ ಮತ್ತು ಪಾವತಿ ಲಿಂಕ್‌ಗಳನ್ನು ನಾನು 2021ರಿಂದ ಬಳಸುತ್ತಿದ್ದೇನೆ. ಕಳೆದ ತಿಂಗಳು ಮಾರಿದ ಒಂದೇ ಒಂದು ಸೀರೆಯ ಬಗ್ಗೆ ಗ್ರಾಹಕರೊಬ್ಬರು ತಮ್ಮ ಕಾರ್ಡಿನ ಬ್ಯಾಂಕಿಗೆ ತಕರಾರು ಸಲ್ಲಿಸಿದ್ದಾರೆ. ಆ ತಕರಾರಿನ ಮೊತ್ತ ₹8,400. ಅದರ ಕಾರಣಕ್ಕೆ ಜುಲೈ 29ರಿಂದ ನನ್ನ ಹಣ ಜಮೆಯಾಗುವುದು ನಿಂತಿತು; ಆಗಸ್ಟ್ 1ರಂದು ಖಾತೆಯನ್ನೇ ಅಮಾನತಿನಲ್ಲಿ ಇಡಲಾಯಿತು. ಈಗ ಖಾತೆಯಲ್ಲಿ ಸಿಲುಕಿರುವ ಹಣ ₹92,740. ಸಹಾಯವಾಣಿಯಿಂದ ಬರುವ ಉತ್ತರಗಳೆಲ್ಲ ‘ಖಾತೆ ಪರಿಶೀಲನೆಯಲ್ಲಿದೆ’ ಎಂಬಲ್ಲಿಗೆ ಮುಗಿಯುತ್ತವೆ. ಯಾವ ದಾಖಲೆ ಸಾಲದು, ಏನನ್ನು ಪರಿಶೀಲಿಸುತ್ತಿದ್ದಾರೆ ಎಂದು ಯಾರೂ ಹೇಳಿಲ್ಲ. ಆದ್ದರಿಂದ ಇಡೀ ಪ್ರಕರಣವನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ದಯವಿಟ್ಟು ಪೂರ್ತಿ ಓದಬೇಕು.

ಜುಲೈ 2ರಂದು ಪುಣೆಯ ಗ್ರಾಹಕರೊಬ್ಬರು ಪಾವತಿ ಲಿಂಕ್ ಮೂಲಕ ಕಾರ್ಡಿನಿಂದ ಹಣ ಕಟ್ಟಿದರು. ಅವರು ಆರಿಸಿಕೊಂಡದ್ದು ದಾಳಿಂಬೆ ಬಣ್ಣದ ಒಡಲು, ಕೆಂಪು ರೇಷ್ಮೆಯ ತೋಪ ತೆನಿ ಸೆರಗು ಇರುವ ಸೀರೆ. ಜುಲೈ 4ರಂದು ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿದೆ. 8ರಂದು ಅವರ ಮನೆಗೆ ತಲುಪಿದ ಬಗ್ಗೆ ಅಂಚೆ ಇಲಾಖೆಯ ದಾಖಲೆ ಇದೆ. ಅದೇ ದಿನ ಸಂಜೆ ಅವರು ‘ಸೀರೆ ಬಂತು, ಬಣ್ಣ ಬಹಳ ಚೆನ್ನಾಗಿದೆ’ ಎಂದು ವಾಟ್ಸ್ಆ್ಯಪ್‌ನಲ್ಲಿ ಬರೆದರು. ಎರಡು ದಿನ ಕಳೆದ ಮೇಲೆ ಸೆರಗು ಶುರುವಾಗುವ ಜಾಗದ ಫೋಟೊ ಕಳುಹಿಸಿ, ‘ಇಲ್ಲಿ ಜೋಡಣೆ ಕಾಣುತ್ತಿದೆ, ಎರಡು ತುಂಡು ಸೇರಿಸಿದ್ದೀರಾ’ ಎಂದು ಕೇಳಿದರು. ಅದು ಏನೆಂದು ನಾನು ವಿವರಿಸಿದೆ. ಒಪ್ಪಿಗೆಯಾಗದಿದ್ದರೆ ಅಂಚೆ ಖರ್ಚು ನಾನೇ ಭರಿಸಿ ಸೀರೆ ವಾಪಸು ಪಡೆದು ಪೂರ್ತಿ ಹಣ ಕೊಡುತ್ತೇನೆಂದೂ ಬರೆದೆ. ಅದಕ್ಕೆ ಉತ್ತರ ಬರಲಿಲ್ಲ. ಜುಲೈ 24ರಂದು ನಿಮ್ಮಿಂದ ತಕರಾರಿನ ಸೂಚನೆ ಬಂತು. ಕಾರಣದ ಜಾಗದಲ್ಲಿ ‘ಸರಕು ದೋಷಪೂರಿತ, ಹೊಲಿದು ಜೋಡಿಸಿದ ಬಟ್ಟೆ’ ಎಂದಿತ್ತು. ನಾನು 26ರಂದೇ ಬಿಲ್ಲು, ಅಂಚೆ ರಸೀದಿ, ಸಂದೇಶಗಳ ಪ್ರತಿ ಎಲ್ಲವನ್ನೂ ಸಲ್ಲಿಸಿದೆ.

ಇಲ್ಲಿ ನಿಮ್ಮ ಪರಿಶೀಲಕರಿಗೆ ಒಂದು ವಿಷಯ ತಿಳಿಯಲೇಬೇಕು. ಅದು ತಿಳಿಯದೆ ಈ ತಕರಾರು ಬಗೆಹರಿಯುವುದಿಲ್ಲ. ಗ್ರಾಹಕರು ದೋಷವೆಂದು ತೋರಿಸಿದ ಆ ಗೆರೆಯೇ ಇಳಕಲ್ ಸೀರೆಯ ಗುರುತು. ಬೇರೆ ಊರಿನ ಬಹುಪಾಲು ಸೀರೆಗಳಲ್ಲಿ ಒಡಲಿಗೂ ಸೆರಗಿಗೂ ಹಾಸು, ಅಂದರೆ ಉದ್ದಕ್ಕೆ ಹಾಯುವ ಎಳೆಗಳು, ಒಂದೇ. ನಮ್ಮಲ್ಲಿ ಹಾಗಲ್ಲ. ಒಡಲಿನ ಹಾಸು ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ. ಅವೆರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಸೇರಿಸುತ್ತಾರೆ. ಒಂದು ಎಳೆಯ ಕುಣಿಕೆಯೊಳಗೆ ಇನ್ನೊಂದು ಎಳೆಯ ಕುಣಿಕೆ ಕೂರುತ್ತದೆ, ಸೀರೆಯ ಅಗಲದ ಉದ್ದಕ್ಕೂ. ಈ ಕೆಲಸ ಕೈಬೆರಳಿನದು, ಮಗ್ಗಕ್ಕೆ ಹಾಸು ಏರುವ ಮೊದಲಿನದು. ಹೀಗಾಗಿ ಒಂದೊಂದು ಸೀರೆಗೂ ಹಾಸನ್ನು ಹೊಸದಾಗಿ ಸಿದ್ಧಪಡಿಸಬೇಕಾಗುತ್ತದೆ. ನಮ್ಮ ನೇಕಾರರು ಕುಣಿ ಮಗ್ಗದಲ್ಲಿ ಕಾಲಿಳಿಬಿಟ್ಟು ಕೂತು ನೇಯುವಾಗ ಅಡ್ಡ ಎಳೆಯಾದ ಹೊಕ್ಕು ಆ ಕೊಂಡಿಗಳನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ನೇಯ್ದು ಮುಗಿದ ಮೇಲೆ ಆ ಜಾಗದಲ್ಲಿ ಬೆರಳಾಡಿಸಿದರೆ ಸಣ್ಣದೊಂದು ಉಬ್ಬುಗೆರೆ ತಾಕುತ್ತದೆ.

ಅದು ಹೊಲಿಗೆಯಲ್ಲ ಎಂಬುದನ್ನು ಯಾರು ಬೇಕಾದರೂ ನೋಡಿ ತಿಳಿಯಬಹುದು. ಸೀರೆಯನ್ನು ಬೆಳಕಿಗೆ ಹಿಡಿದರೆ ಸೂಜಿಯ ತೂತು ಒಂದೂ ಕಾಣುವುದಿಲ್ಲ. ಹಿಂಬದಿಯಲ್ಲಿ ಮಡಚಿದ ಅಂಚಿಲ್ಲ, ಹೊಲಿಗೆಯ ದಾರವಿಲ್ಲ. ಭೂತಗನ್ನಡಿಯಲ್ಲಿ ನೋಡಿದರೆ ದಾಳಿಂಬೆ ಬಣ್ಣದ ಎಳೆಯೂ ಕೆಂಪು ಎಳೆಯೂ ಒಂದನ್ನೊಂದು ಕಚ್ಚಿಕೊಂಡಿರುವುದು ಕಾಣುತ್ತದೆ. ಈ ಸೀರೆಯದೇ ಹಾಗೆ ತೆಗೆದ ಫೋಟೊ ನನ್ನಲ್ಲಿದೆ, ಏಕೆಂದರೆ ಕಳುಹಿಸುವ ಮೊದಲು ಪ್ರತಿ ಸೀರೆಯ ಸೆರಗು, ದಡಿ, ಕೊಂಡಿ ಮೂರನ್ನೂ ಚಿತ್ರ ತೆಗೆದಿಡುವುದು ನನ್ನ ರೂಢಿ. ಗ್ರಾಹಕರಿಗೆ ಕಳುಹಿಸಿದ ಲಿಂಕಿನ ಜೊತೆಗಿದ್ದ ವಿವರದಲ್ಲೂ ‘ಕೊಂಡಿ ಹಾಕಿದ ತೋಪ ತೆನಿ ಸೆರಗು’ ಎಂದೇ ಬರೆದಿತ್ತು. ಇಳಕಲ್ ಸೀರೆಗೆ ಭೌಗೋಳಿಕ ಗುರುತಿನ ನೋಂದಣಿ ಇದೆ. ನಿಜ ಹೇಳಬೇಕೆಂದರೆ, ಕೊಂಡಿಯೇ ಇಲ್ಲದ ಯಂತ್ರಮಗ್ಗದ ಬಟ್ಟೆಯನ್ನು ಇಳಕಲ್ ಎಂದು ಮಾರುವವರ ಮೇಲೆ ದೂರು ಬರಬೇಕಿತ್ತು. ಕೊಂಡಿ ಇದೆ ಎಂಬ ಕಾರಣಕ್ಕೆ ಕೈಮಗ್ಗದ ಅಂಗಡಿಯ ಖಾತೆ ನಿಂತುಹೋಗಿರುವುದು ನನಗೆ ತುಂಬಾ ನೋವಿನ ಸಂಗತಿ.

ಗ್ರಾಹಕರ ಮೇಲೆ ನನಗೆ ಸಿಟ್ಟಿಲ್ಲ. ಮೊದಲ ಬಾರಿ ಈ ಸೀರೆ ಕೈಗೆತ್ತಿಕೊಂಡವರಿಗೆ ಅನುಮಾನ ಬರುವುದು ಸಹಜ. ಬ್ಯಾಂಕಿಗೆ ತಕರಾರು ಕೊಡುವ ಹಕ್ಕೂ ಅವರಿಗಿದೆ. ಅದನ್ನು ಬ್ಯಾಂಕು ತೀರ್ಮಾನಿಸಲಿ. ಅಲ್ಲಿಯವರೆಗೆ ₹8,400 ನಿಮ್ಮಲ್ಲೇ ಇರಲಿ, ನನ್ನ ಒಪ್ಪಿಗೆಯಿದೆ. ಸೀರೆ ವಾಪಸು ಪಡೆದು ಹಣ ಕೊಡುವ ನನ್ನ ಮಾತೂ ಇವತ್ತಿಗೂ ಹಾಗೆಯೇ ಇದೆ. ನನ್ನ ಆಕ್ಷೇಪಣೆ ಇರುವುದು ಉಳಿದ ₹84,340ರ ಬಗ್ಗೆ. ಆ ಹಣ ಕೊಟ್ಟವರು ಬೇರೆ, ಅವರು ಕೊಂಡ ಸೀರೆಗಳು ಬೇರೆ. ಅವರಲ್ಲಿ ಒಬ್ಬರೂ ತಕರಾರು ಎತ್ತಿಲ್ಲ.

ಆ ಹಣ ಬಂದದ್ದು ವರಮಹಾಲಕ್ಷ್ಮಿ ಹಬ್ಬದ ವ್ಯಾಪಾರದಿಂದ. ಹಬ್ಬ ಆಗಸ್ಟ್ 8ಕ್ಕೆ ಇದ್ದುದರಿಂದ ಬೆಂಗಳೂರು, ಮೈಸೂರು ಕಡೆಯವರು ಜುಲೈ ಕೊನೆಯಲ್ಲೇ ಹಣ ಕಟ್ಟಿದ್ದರು. ಜಮೆ ನಿಂತಿದ್ದರೂ ನಾನು ಯಾರ ಸೀರೆಯನ್ನೂ ತಡೆಯಲಿಲ್ಲ. ಹಬ್ಬಕ್ಕೆಂದು ಕೊಂಡವರಿಗೆ ಹಬ್ಬದೊಳಗೆ ತಲುಪಬೇಕಲ್ಲವೇ. ಎಲ್ಲ ಸೀರೆಗಳೂ ತಲುಪಿವೆ. ಸರಕು ಹೋಗಿದೆ, ಹಣ ಮಾತ್ರ ಬಂದಿಲ್ಲ. ಮುಂದೆ ಇನ್ನಷ್ಟು ತಕರಾರು ಬರಬಹುದೆಂಬ ಅಂಜಿಕೆಯಿಂದ ನೀವು ಈ ಹಣ ಹಿಡಿದಿದ್ದರೆ, ಅಷ್ಟೂ ಪಾರ್ಸೆಲ್‌ಗಳ ಅಂಚೆ ದಾಖಲೆಯನ್ನು ಬಿಲ್ಲಿಗೆ ಬಿಲ್ಲು ಹೊಂದಿಸಿ ಈ ಪತ್ರದೊಂದಿಗೆ ಇಟ್ಟಿದ್ದೇನೆ. ಅದನ್ನು ನೋಡಿದ ಮೇಲೂ ಅನುಮಾನ ಉಳಿದರೆ ಯಾವ ಬಿಲ್ಲಿನ ಬಗ್ಗೆ ಎಂದು ತಿಳಿಸಿ.

ಇದು ನನ್ನೊಬ್ಬಳ ಲಾಭದ ಹಣವಲ್ಲ ಎಂಬುದನ್ನೂ ಗಮನಿಸಬೇಕೆಂದು ಕೇಳಿಕೊಳ್ಳುತ್ತೇನೆ. ನಾನು ಮಗ್ಗದ ಮನೆಗಳಿಗೆ ನೂಲು ಕೊಟ್ಟು, ಸೀರೆ ಬಂದಾಗ ಮಜೂರಿ ಕೊಡುವವಳು. ಮಜೂರಿ ಬಾಕಿ ಇಟ್ಟರೆ ಆ ಮನೆಯಲ್ಲಿ ಕಿರಾಣಿ ಅಂಗಡಿಯ ಲೆಕ್ಕ ನಿಲ್ಲುತ್ತದೆ. ಈ ತಿಂಗಳು ಮಜೂರಿಯನ್ನು ನನ್ನ ಬಂಗಾರದ ಮೇಲೆ ಸಾಲ ತೆಗೆದು ಕೊಟ್ಟೆ. ಆದರೆ ರೇಷ್ಮೆ ನೂಲಿಗೆ ಕೊಡಲು ಹಣವಿಲ್ಲ. ದಸರೆಗೆ ಮಾರುವ ಸೀರೆಗೆ ಈಗಲೇ ಹಾಸು ಏರಬೇಕು. ಸೆಪ್ಟೆಂಬರ್ 22ಕ್ಕೆ ನವರಾತ್ರಿ ಶುರುವಾಗುತ್ತದೆ. ಈ ವಾರ ನೂಲು ಕೊಡದಿದ್ದರೆ ನನ್ನನ್ನು ನಂಬಿದ ಮಗ್ಗಗಳು ಖಾಲಿ ಕೂರುತ್ತವೆ. ಅಂಗಡಿಯಲ್ಲೂ ಇದೇ ಪಾಡು. ಕ್ಯೂಆರ್ ಫಲಕದ ಮೇಲೆ ಕಾಗದ ಅಂಟಿಸಿದ್ದೇನೆ. ಹೊರ ಊರಿನಿಂದ ಬಂದವರು ಸೀರೆ ಆರಿಸಿ, ಮೊಬೈಲ್ ತೆಗೆದು, ನಗದು ಮಾತ್ರ ಎಂದು ತಿಳಿದ ಕೂಡಲೇ ಸೀರೆಯನ್ನು ಮಡಚಿ ಕೆಳಗಿಟ್ಟು ಹೋಗುತ್ತಾರೆ.

ಭಾರತೀಯ ರಿಸರ್ವ್ ಬ್ಯಾಂಕ್ 2020ರ ಮಾರ್ಚ್ 17ರಂದು ಪಾವತಿ ಸಂಗ್ರಾಹಕ ಕಂಪನಿಗಳಿಗೆ ಮಾರ್ಗಸೂಚಿ ಹೊರಡಿಸಿದೆ. ವ್ಯಾಪಾರಿಗಳ ಹಣವನ್ನು ಕಂಪನಿಯ ಸ್ವಂತ ಹಣದೊಂದಿಗೆ ಬೆರೆಸದೆ ಬ್ಯಾಂಕಿನ ಎಸ್ಕ್ರೋ ಖಾತೆಯಲ್ಲಿ ಇಡಬೇಕು, ದೂರು ಮತ್ತು ತಕರಾರುಗಳನ್ನು ಬಗೆಹರಿಸಲು ಎಲ್ಲರಿಗೂ ತಿಳಿಯುವಂಥ ವ್ಯವಸ್ಥೆ ಇರಬೇಕು, ಅದಕ್ಕೆ ಹೊಣೆಗಾರ ಅಧಿಕಾರಿ ಇರಬೇಕು ಎಂದು ಅದರಲ್ಲಿದೆ. ಆ ಹೊಣೆ ನಿಮ್ಮದೆಂದು ತಿಳಿದು, ಸಹಾಯವಾಣಿಯನ್ನು ಬಿಟ್ಟು ನೇರವಾಗಿ ನಿಮಗೆ ಬರೆಯುತ್ತಿದ್ದೇನೆ.

ನಾನು ಕೇಳುತ್ತಿರುವುದು ಇಷ್ಟು. ₹8,400 ತಡೆಹಿಡಿದು ಉಳಿದ ₹84,340ನ್ನು ನನ್ನ ನೋಂದಾಯಿತ ಚಾಲ್ತಿ ಖಾತೆಗೆ ಜಮೆ ಮಾಡಿಸಬೇಕು. ಕ್ಯೂಆರ್ ಮತ್ತು ಪಾವತಿ ಲಿಂಕ್‌ಗಳನ್ನು ಮತ್ತೆ ಚಾಲೂ ಮಾಡಿಸಬೇಕು. ಕೂಡಲೇ ಪೂರ್ತಿ ತೆರೆಯಲಾಗದಿದ್ದರೆ, ಅಂಗಡಿಗೆ ಬಂದು ಸೀರೆ ಕೈಯಲ್ಲೇ ಒಯ್ಯುವವರು ಹಣ ಕೊಡಲು ಕ್ಯೂಆರ್ ಒಂದನ್ನಾದರೂ ಮೊದಲು ಬಿಡಿ; ಅಲ್ಲಿ ‘ಸರಕು ತಲುಪಲಿಲ್ಲ’ ಎಂಬ ಪ್ರಶ್ನೆಯೇ ಏಳುವುದಿಲ್ಲ. ಕಾರ್ಡಿನ ಬ್ಯಾಂಕಿಗೆ ನನ್ನ ಪರವಾಗಿ ಕಳುಹಿಸುವ ಉತ್ತರದಲ್ಲಿ ಕೊಂಡಿಯ ವಿವರಣೆ ಮತ್ತು ಫೋಟೊಗಳು ಸೇರಬೇಕು. 26ರಂದು ನಾನು ಸಲ್ಲಿಸಿದ ದಾಖಲೆಗಳು ಅವರಿಗೆ ತಲುಪಿವೆಯೇ ಎಂಬುದನ್ನೂ ತಿಳಿಸಬೇಕು. ಇವುಗಳಲ್ಲಿ ಯಾವುದಾದರೂ ಸಾಧ್ಯವಿಲ್ಲವೆಂದಾದರೆ ಕಾರಣವನ್ನು ಲಿಖಿತವಾಗಿ ಕೊಡಿ. ನಾನು ಓದಿ, ಉತ್ತರ ಕೊಡಬಲ್ಲೆ.

ನಿಮ್ಮ ಪರಿಶೀಲಕರು ವಿಡಿಯೊ ಕರೆ ಮಾಡಿದರೆ ಅಂಗಡಿಯನ್ನೂ ಮಗ್ಗವನ್ನೂ ತೋರಿಸುತ್ತೇನೆ. ಕೊಂಡಿ ಹಾಕುತ್ತಿರುವ ಮನೆಯಿಂದಲೇ ಮಾತನಾಡಲು ಸಿದ್ಧಳಿದ್ದೇನೆ. ಬೆಳಿಗ್ಗೆ ಹತ್ತರಿಂದ ರಾತ್ರಿ ಎಂಟರವರೆಗೆ ಖಾತೆಯಲ್ಲಿ ನೋಂದಾಯಿಸಿದ ಮೊಬೈಲ್‌ಗೆ ಕರೆ ಮಾಡಬಹುದು. ಕನ್ನಡದಲ್ಲಿ ಮಾತನಾಡುವವರು ಕರೆ ಮಾಡಿದರೆ ಅನುಕೂಲ.

ಜುಲೈ 2ರ ಬಿಲ್ಲು, ಸ್ಪೀಡ್ ಪೋಸ್ಟ್ ರಸೀದಿ ಮತ್ತು ತಲುಪಿದ ದಾಖಲೆ, ಗ್ರಾಹಕರೊಂದಿಗಿನ ಸಂದೇಶಗಳು, ಸೀರೆಯ ಫೋಟೊಗಳು, ಜುಲೈ ಕೊನೆಯ ಮಾರಾಟಗಳ ಬಿಲ್ಲು ಮತ್ತು ಅಂಚೆ ದಾಖಲೆ, ಜಿಎಸ್‌ಟಿ ನೋಂದಣಿ ಪತ್ರ, ಪ್ಯಾನ್ ಕಾರ್ಡ್ ಹಾಗೂ ಚಾಲ್ತಿ ಖಾತೆಯ ರದ್ದುಪಡಿಸಿದ ಚೆಕ್ ಇವುಗಳ ಪ್ರತಿಗಳನ್ನು ಲಗತ್ತಿಸಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಸಾವಿತ್ರಿ ಬ. ಕಂದಕೂರ