ಒಂದು ತಿಂಗಳ ರಜೆ ಕೋರಿ ಅರ್ಜಿ

ದಿನಾಂಕ: 27 ಜನವರಿ 2026
ಶಿವಮೊಗ್ಗ

ಇವರಿಂದ:
ಮಂಜುನಾಥ ಕೆ.
ಹಿರಿಯ ಲೆಕ್ಕಿಗ, ಅಕೌಂಟ್ಸ್ ವಿಭಾಗ

ಇವರಿಗೆ:
ಮಾಲೀಕರು
ಫೌಂಡ್ರಿ ಘಟಕ, ಮಾಚೇನಹಳ್ಳಿ ಕೈಗಾರಿಕಾ ಪ್ರದೇಶ

ವಿಷಯ: ಕುಟುಂಬದೊಂದಿಗೆ ಆಸ್ಟ್ರೇಲಿಯಾಕ್ಕೆ ಹೋಗಿಬರಲು 22-04-2026ರಿಂದ 21-05-2026ರವರೆಗೆ ರಜೆ ಕೋರಿ

ಮಾನ್ಯರೇ,

ನನ್ನ ಅಕ್ಕ ಹನ್ನೊಂದು ವರ್ಷದಿಂದ ಮೆಲ್ಬರ್ನ್‌ನಲ್ಲಿದ್ದಾಳೆ. ಅವಳ ಮನೆಯನ್ನು ಅಮ್ಮ ಇವತ್ತಿನವರೆಗೂ ವಿಡಿಯೋ ಕಾಲ್‌ನಲ್ಲಿ ಮಾತ್ರ ನೋಡಿದ್ದಾರೆ. ಅಮ್ಮನಿಗೆ ಈಗ 68. ಜೂನ್‌ನಲ್ಲಿ ಮಂಡಿ ಆಪರೇಷನ್ ಮಾಡಿಸಬೇಕು, ಅದಾದ ಮೇಲೆ ಅಷ್ಟು ದೂರದ ಪ್ರಯಾಣ ಸದ್ಯಕ್ಕಂತೂ ಆಗದ ಮಾತು. ದೊಡ್ಡ ಮಗಳು ಜೂನ್‌ಗೆ ಹತ್ತನೇ ಕ್ಲಾಸು, ಮುಂದಿನ ಬೇಸಿಗೆಯೂ ಕೈಗೆ ಸಿಗುವುದಿಲ್ಲ. ಹಾಗಾಗಿ ಅಮ್ಮ, ನನ್ನ ಹೆಂಡತಿ, ಇಬ್ಬರು ಮಕ್ಕಳ ಜೊತೆ ಈ ಸಲವೇ ಹೋಗಿಬರೋಣ ಎಂದು ತೀರ್ಮಾನಿಸಿದ್ದೇವೆ.

ಏಪ್ರಿಲ್ 22, ಬುಧವಾರ ರಾತ್ರಿ ಬೆಂಗಳೂರಿನಿಂದ ಸಿಂಗಪುರದ ಮೇಲೆ ಹೊರಟು, ಮೇ 20ರ ರಾತ್ರಿ ವಾಪಸು ಬೆಂಗಳೂರಿಗೆ ಬರುವುದು ನಮ್ಮ ಲೆಕ್ಕ. ಮೇ 21 ಊರು ಸೇರುವುದಕ್ಕೆ. ಮೇ 22, ಶುಕ್ರವಾರ ಬೆಳಿಗ್ಗೆ ಕೆಲಸಕ್ಕೆ ಹಾಜರಾಗುತ್ತೇನೆ. ನಾಲ್ಕು ಭಾನುವಾರ ಮತ್ತು ಮೇ 1 ಬಿಟ್ಟರೆ 25 ಕೆಲಸದ ದಿನಗಳಾಗುತ್ತವೆ. ನನ್ನ ಖಾತೆಯಲ್ಲಿ 21 ಗಳಿಕೆ ರಜೆ ಇದೆ. ಉಳಿದ ನಾಲ್ಕು ದಿನಕ್ಕೆ ಸಂಬಳ ಕಡಿತ ಮಾಡಿಕೊಳ್ಳಿ, ನನ್ನ ಅಭ್ಯಂತರವಿಲ್ಲ.

ಮಾರ್ಚ್ ಮುಗಿಯುವ ಗಲಾಟೆ ಕಳೆದ ಮೇಲೇ ಹೊರಡುವಂತೆ ದಿನ ನೋಡಿಕೊಂಡಿದ್ದೇನೆ. ಮಾರ್ಚ್ ತಿಂಗಳ ಜಿಎಸ್‌ಟಿ ರಿಟರ್ನ್‌ಗಳು, ಪಿಎಫ್, ಇಎಸ್‌ಐ, ವೃತ್ತಿ ತೆರಿಗೆ ಎಲ್ಲವನ್ನೂ ಏಪ್ರಿಲ್ 20ರೊಳಗೆ ಮುಗಿಸಿಯೇ ಹೊರಡುತ್ತೇನೆ. ಮಾರ್ಚ್‌ನ ಟಿಡಿಎಸ್ ಕಟ್ಟಲು ಏಪ್ರಿಲ್ 30ರವರೆಗೆ ಸಮಯವಿದೆ, ಆದರೂ ಅದನ್ನೂ ಬಾಕಿ ಇಟ್ಟು ಹೋಗುವುದಿಲ್ಲ. ನಾಲ್ಕನೇ ತ್ರೈಮಾಸಿಕದ ಟಿಡಿಎಸ್ ರಿಟರ್ನ್‌ಗೆ ಮೇ 31 ಕೊನೆ. ಅದು ನಾನು ಬಂದ ಮೇಲಿನ ಕೆಲಸ.

ನಾನಿಲ್ಲದಾಗ ಬರುವುದು ಏಪ್ರಿಲ್ ತಿಂಗಳ ಕೆಲಸ. ಇದನ್ನು ಸವಿತಾ ಅವರು ನೋಡಿಕೊಳ್ಳಲು ಒಪ್ಪಿದ್ದಾರೆ. ಅವರ ದಿನದ ಬಿಲ್ಲಿಂಗ್ ಕೆಲಸವನ್ನು ನವೀನ್ ಹಂಚಿಕೊಳ್ಳುತ್ತಾನೆ. ತಾರೀಖುಗಳು ಹೀಗಿವೆ:

ಮೇ 5 – ಕಾರ್ಮಿಕರ ಸಂಬಳ (ಹಾಜರಿ ಪಟ್ಟಿ ಶಾಪ್ ಫ್ಲೋರ್‌ನಿಂದ 2ರೊಳಗೆ ಬರಬೇಕು)
ಮೇ 7 – ಟಿಡಿಎಸ್
ಮೇ 11 – ಜಿಎಸ್‌ಟಿಆರ್-1
ಮೇ 15 – ಪಿಎಫ್, ಇಎಸ್‌ಐ
ಮೇ 20 – ಜಿಎಸ್‌ಟಿಆರ್-3ಬಿ, ವೃತ್ತಿ ತೆರಿಗೆ

ಇವಲ್ಲದೆ ಮೆಸ್ಕಾಂ ಬಿಲ್ಲು. ಫರ್ನೇಸ್ ಇರುವ ಕಡೆ ಆ ಮೊತ್ತ ಎಷ್ಟಿರುತ್ತದೆ ಎಂದು ನಿಮಗೇ ಗೊತ್ತು, ತಡವಾದರೆ ಬಡ್ಡಿಯೂ ಅಷ್ಟೇ ಜೋರು. ಬಿಲ್ಲು ಬಂದ ದಿನವೇ ನಿಮ್ಮ ಟೇಬಲ್ಲಿಗೆ ತರಬೇಕೆಂದು ಸವಿತಾ ಅವರಿಗೆ ಹೇಳಿದ್ದೇನೆ. ಸ್ಕ್ರ್ಯಾಪ್ ಕೊಡುವವರ ಪೇಮೆಂಟ್ ಎಂದಿನಂತೆ ಶನಿವಾರ. ತೂಕದ ಚೀಟಿ ಮತ್ತು ಬಿಲ್ಲು ತಾಳೆಯಾಗದೆ ಯಾರಿಗೂ ಚೆಕ್ ಬರೆಯುವುದು ಬೇಡ. ಎಷ್ಟೇ ಹಳಬರಿರಲಿ.

ಒಂದು ವಿಷಯ ನಿಮ್ಮಿಂದಲೇ ಆಗಬೇಕು. ಜಿಎಸ್‌ಟಿ ರಿಟರ್ನ್ ಸಲ್ಲಿಸುವಾಗ ಓಟಿಪಿ ನಿಮ್ಮ ಮೊಬೈಲ್‌ಗೆ ಬರುತ್ತದೆ. ಮೇ 11 ಮತ್ತು 20ರಂದು ದಯವಿಟ್ಟು ಫೋನ್ ಹತ್ತಿರ ಇಟ್ಟುಕೊಳ್ಳಿ.

ಹೋದ ಸಲ ನಾನು ಗೃಹಪ್ರವೇಶಕ್ಕೆ ಹತ್ತು ದಿನ ರಜೆ ಹಾಕಿದಾಗ ಪಿಎಫ್ ಒಂದು ದಿನ ತಡವಾಯಿತು. ಪಾಸ್‌ವರ್ಡ್ ನನ್ನ ಡೈರಿಯಲ್ಲಿ, ಡೈರಿ ನನ್ನ ಮನೆಯಲ್ಲಿ! ಆ ತಪ್ಪು ಪೂರ್ತಿ ನನ್ನದೇ. ಈ ಸಲ ಪಾಸ್‌ವರ್ಡ್‌ಗಳನ್ನು ಮುಚ್ಚಿದ ಕವರಿನಲ್ಲಿ ನಿಮ್ಮ ಕೈಗೇ ಕೊಡುತ್ತೇನೆ. ಬೀರುವಿನ ಕೀಲಿ ಮತ್ತು ಚಿಲ್ಲರೆ ಖರ್ಚಿನ ಪೆಟ್ಟಿಗೆಯನ್ನು ಏಪ್ರಿಲ್ 21ರ ಸಂಜೆ ನಿಮ್ಮೆದುರಿಗೇ ನಗದು ಎಣಿಸಿ, ಸವಿತಾ ಅವರ ಸಹಿ ಪಡೆದು ಒಪ್ಪಿಸುತ್ತೇನೆ. ಓದಿ ಕಲಿಯುವ ಕೆಲಸ ಇದಲ್ಲ. ಅದಕ್ಕೇ ಫೆಬ್ರುವರಿ ಮತ್ತು ಮಾರ್ಚ್ ತಿಂಗಳ ಸಂಬಳ, ಪಿಎಫ್ ಚಲನ್‌ಗಳನ್ನು ಸವಿತಾ ಅವರೇ ಮಾಡಲಿ, ನಾನು ಪಕ್ಕದಲ್ಲಿ ಕೂತಿರುತ್ತೇನೆ.

ಮೆಲ್ಬರ್ನ್ ನಮಗಿಂತ ನಾಲ್ಕೂವರೆ ಗಂಟೆ ಮುಂದೆ. ಇಲ್ಲಿ ಬೆಳಿಗ್ಗೆ 9.30 ಅಂದರೆ ಅಲ್ಲಿ ಮಧ್ಯಾಹ್ನ 2. ತುರ್ತು ಇದ್ದರೆ ಇಲ್ಲಿನ ಮಧ್ಯಾಹ್ನ 3ರೊಳಗೆ ವಾಟ್ಸಾಪ್ ಕಾಲ್ ಮಾಡಬಹುದು. ಪ್ರಯಾಣದ ದಿನಗಳಲ್ಲಿ ಮಾತ್ರ ಸಿಗುವುದಿಲ್ಲ.

ಕೊನೆಯದಾಗಿ ಒಂದು ಕೋರಿಕೆ. ವೀಸಾ ಅರ್ಜಿಯ ಜೊತೆಗೆ ನನ್ನ ಹುದ್ದೆ, ಸೇರಿದ ವರ್ಷ, ಸಂಬಳ, ರಜೆ ಮಂಜೂರಾದ ದಿನಾಂಕ ಮತ್ತು ಮರಳಿ ಹಾಜರಾಗುವ ದಿನ ತಿಳಿಸುವ ಪತ್ರವೊಂದನ್ನು ಇಂಗ್ಲಿಷಿನಲ್ಲಿ ಲಗತ್ತಿಸಬೇಕಿದೆ. ಲೆಟರ್‌ಹೆಡ್‌ನಲ್ಲಿ ಫೆಬ್ರುವರಿ 6ರೊಳಗೆ ಕೊಟ್ಟರೆ ಅನುಕೂಲ. ಟಿಕೆಟ್ ಇನ್ನೂ ಮಾಡಿಸಿಲ್ಲ, ನಿಮ್ಮ ಒಪ್ಪಿಗೆಗೆ ಕಾಯುತ್ತಿದ್ದೇನೆ. ಒಂದೆರಡು ದಿನ ಹಿಂದೆ ಮುಂದೆ ಮಾಡಬೇಕಿದ್ದರೆ ಈಗಲೇ ಹೇಳಿ, ಹೊಂದಿಸಿಕೊಳ್ಳುತ್ತೇನೆ.

ದಯವಿಟ್ಟು ರಜೆ ಮಂಜೂರು ಮಾಡಬೇಕಾಗಿ ವಿನಂತಿ.

ಇಂತಿ ತಮ್ಮ ವಿಶ್ವಾಸಿ,
ಮಂಜುನಾಥ ಕೆ.

ಪ್ರತಿ: ಸವಿತಾ, ಅಕೌಂಟ್ಸ್ ವಿಭಾಗ – ಮಾಹಿತಿಗಾಗಿ