ಅಮ್ಮ ಓದಿದ ಆರು ಪದ

ರಾಯಚೂರು ಬಸ್ ಸ್ಟ್ಯಾಂಡಿನಲ್ಲಿ ಎಲ್ಲರೂ ಇಳಿದ ಮೇಲೂ ಚೈತ್ರ ಬಸ್ಸಿನಲ್ಲೇ ನಿಂತಿದ್ದಳು. ಸೀಟಿನ ಮೇಲಿನ ಕ್ಯಾರಿಯರ್ ಖಾಲಿ. ಹಿಂದಿನ ಸಾಲಿನದ್ದೂ ಖಾಲಿ. ಬಗ್ಗಿ ಸೀಟಿನ ಕೆಳಗೆ ನೋಡಿದಳು, ಶೇಂಗಾ ಸಿಪ್ಪೆ ಮತ್ತು ಒಂದು ನೀರಿನ ಬಾಟಲಿ ಸಿಕ್ಕಿತು.

"ಏನ್ ಹುಡುಕ್ತೀರಿ ಮೇಡಂ?" ಕಂಡಕ್ಟರ್ ಕೇಳಿದ.

"ಕರಿ ಬ್ಯಾಗು. ಲ್ಯಾಪ್‌ಟಾಪ್ ಇತ್ತು."

ಅವನೂ ಒಂದು ಸುತ್ತು ಹುಡುಕಿದ. ಪೋತ್ನಾಳದಲ್ಲಿ ಹತ್ತು ಜನ ಇಳಿದಿದ್ದರು, ಮಾನ್ವಿಯಲ್ಲಿ ಅರ್ಧ ಬಸ್ಸೇ ಇಳಿದಿತ್ತು. "ಮಾನ್ವಿ ಒಳಗ ಯಾರರ ತಮ್ದು ಅಂತ ತಿಳ್ಕೊಂಡು ಒಯ್ದಿರಬೇಕು ನೋಡ್ರಿ" ಅಂದ. ಕಳ್ಳತನ ಅನ್ನುವ ಮಾತನ್ನು ಅವನು ಆಡಲಿಲ್ಲ, ಅವಳೂ ಆಡಲಿಲ್ಲ. ಕಂಟ್ರೋಲ್ ರೂಮಿನವರು ಮಾನ್ವಿ ಸ್ಟ್ಯಾಂಡಿಗೆ ಫೋನ್ ಮಾಡಿದರು, ಅಲ್ಲಿ ಏನೂ ಸಿಕ್ಕಿರಲಿಲ್ಲ. ಪೊಲೀಸರು ಟಿಕೆಟ್ ನೋಡಿ, ಮಾಡೆಲ್ ಕೇಳಿ, ಸೀರಿಯಲ್ ನಂಬರ್ ಕೇಳಿದರು. ಅದು ಬಿಲ್ಲಿನಲ್ಲಿತ್ತು, ಬಿಲ್ಲು ಮೇಲ್‌ನಲ್ಲಿತ್ತು, ಮೇಲ್ ಫೋನಿನಲ್ಲಿತ್ತು. ಬರೆದುಕೊಂಡು ಒಂದು ಸ್ವೀಕೃತಿ ಕೊಟ್ಟು ಕಳಿಸಿದರು.

ಅವಳು ಸಾಗರದ ಹುಡುಗಿ. ಈ ಊರಿಗೆ ಬಂದು ಇನ್ನೂ ಒಂದು ಬೇಸಿಗೆ ಕೂಡ ಪೂರ್ತಿ ಕಳೆದಿರಲಿಲ್ಲ. ಸಂಜೆ ಆರಾದರೂ ಬಿಸಿಗಾಳಿ ಮುಖಕ್ಕೆ ಬಡಿಯುವ ಏಪ್ರಿಲ್ ತಿಂಗಳು. ತೀನ್ ಕಂದೀಲ್ ಹತ್ತಿರ ಎರಡು ಕೋಣೆಯ ಆಫೀಸು, ಮಾಲೀಕರು ವೀರೇಶಣ್ಣ, ಕೆಲಸ ಅಕ್ಕಿ ಗಿರಣಿಗಳ ಕಂಟ್ರೋಲ್ ಪ್ಯಾನೆಲ್ ಮಾಡಿಕೊಡುವುದು. ಪ್ಯಾನೆಲ್ ಒಳಗೆ ಮೋಟರುಗಳನ್ನು ನಡೆಸುವ ಪಿಎಲ್‌ಸಿ ಅನ್ನುವ ಪುಟ್ಟ ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುವುದು ಚೈತ್ರಳ ಪಾಲಿಗೆ. ಯಾವ ಮೋಟರ್ ಯಾವಾಗ ಶುರುವಾಗಬೇಕು, ಎಲಿವೇಟರ್ ನಿಂತರೆ ಹಿಂದಿನದ್ದೆಲ್ಲ ಹೇಗೆ ನಿಲ್ಲಬೇಕು, ಡ್ರೈಯರ್ ಎಷ್ಟು ಬಿಸಿಯಾಗಬೇಕು, ಎಲ್ಲ ಅದರೊಳಗೇ ಇರುತ್ತದೆ. ಹಿಂದೆ ಇದ್ದ ಇಂಜಿನಿಯರ್ ಕೆಲಸ ಬಿಟ್ಟು ಪುಣೆಗೆ ಹೋಗುವಾಗ ಎಲ್ಲ ಗಿರಣಿಗಳ ಫೈಲುಗಳನ್ನು ಇವಳ ಲ್ಯಾಪ್‌ಟಾಪಿಗೆ ಹಾಕಿ ಹೋಗಿದ್ದ.

ವೀರೇಶಣ್ಣನಿಗೆ ಫೋನ್ ಮಾಡಿ ಹೇಳಿದಳು. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ.

"ಲ್ಯಾಪ್‌ಟಾಪ್ ಹೋದ್ರ ಹೋಗ್ಲಿ ಬಿಡವ್ವ. ಸಿಂಧನೂರಿನ ಶರಣಪ್ಪಗೌಡ್ರಿಗೆ ನಾಳೆ ಡ್ರೈಯರ್ ಚಾಲೂ ಮಾಡಿ ಕೊಡ್ತೀವಿ ಅಂತ ಹೇಳೀನಲ್ಲ, ಅದರದ್ದು?"

"ಬ್ಯಾಕಪ್ ಐತೆ ಸರ್."

"ಐತಿ ಅಂತೀ, ಅದರಿಂದ ವಾಪಸ್ ತಗದು ನೋಡೀ ಏನು?"

ಒಳ್ಳೆಯ ಪ್ರಶ್ನೆ. ಎಷ್ಟೋ ದೊಡ್ಡ ಕಂಪನಿಗಳಲ್ಲಿ ಇದನ್ನು ಯಾರೂ ಕೇಳುವುದಿಲ್ಲ. "ಸಂಕ್ರಾಂತಿ ಟೈಮಲ್ಲಿ ಒಂದ್ಸಲ ತೆಗೆದಿದ್ದೆ ಸರ್, ಬಂತು" ಅಂದಳು.

"ಹಂಗಾರ ಬಸವರಾಜನ ಲ್ಯಾಪ್‌ಟಾಪ್ ಒಯ್ಯಿ. ಅವನು ಅದರಾಗ ಬಿಲ್ ಬಿಟ್ರ ಏನೂ ಮಾಡಂಗಿಲ್ಲ."

ರೂಮಿಗೆ ಬಂದಾಗ ಎಂಟು ದಾಟಿತ್ತು. ಮನೆ ಓನರ್ ನೀಲಮ್ಮ ಬಾಗಿಲಲ್ಲೇ ಕೂತಿದ್ದರು. ವಿಷಯ ಕೇಳಿ ತಾವೇ ಕಳಕೊಂಡವರ ಹಾಗೆ ಹಣೆ ಚಚ್ಚಿಕೊಂಡರು, ಆಮೇಲೆ ಎರಡು ಜೋಳದ ರೊಟ್ಟಿ, ಪುಂಡಿಪಲ್ಯ ತಂದಿಟ್ಟರು. "ಮೊದ್ಲು ಉಣ್ಣು ಯವ್ವಾ, ಆಮ್ಯಾಲೆ ಅದೇನು ತಗೀತಿ ತಗಿ."

ಊಟ ಮಾಡುತ್ತಲೇ ಚೈತ್ರ ಫೋನಿನಲ್ಲಿ ಮೇಲ್ ಪಾಸ್‌ವರ್ಡ್ ಬದಲಿಸಿದಳು, ಕಳೆದುಹೋದ ಲ್ಯಾಪ್‌ಟಾಪಿನಿಂದ ಸೈನ್ ಔಟ್ ಮಾಡಿದಳು. ಅದರ ಡಿಸ್ಕ್ ಪೂರ್ತಿ ಎನ್‌ಕ್ರಿಪ್ಟ್ ಆಗಿತ್ತು. ಒಯ್ದವರಿಗೆ ಮಷೀನು ಸಿಕ್ಕೀತು, ಗೌಡರ ಗಿರಣಿಯ ಲೆಕ್ಕಾಚಾರ ಸಿಗುವುದಿಲ್ಲ. ಕಂತು ಮಾತ್ರ ಇನ್ನೂ ಏಳು ಬಾಕಿ ಇತ್ತು. ಅದನ್ನು ಯೋಚಿಸಿದಾಗ ಪುಂಡಿಪಲ್ಯ ಇನ್ನೂ ಹುಳಿ ಅನ್ನಿಸಿತು.

ಅವಳ ಬ್ಯಾಕಪ್ ಎರಡು ಕಡೆ ಇತ್ತು. ಒಂದು, ಟ್ರಂಕಿನಲ್ಲಿ ಬಟ್ಟೆಯ ಕೆಳಗಿದ್ದ ಹಾರ್ಡ್ ಡಿಸ್ಕ್, ಅದಕ್ಕೆ ಪ್ರತಿ ಭಾನುವಾರ. ಇನ್ನೊಂದು ಕ್ಲೌಡಿನಲ್ಲಿ, ಅದಕ್ಕೆ ಪ್ರತಿ ರಾತ್ರಿ. ಎರಡಕ್ಕೂ ರೆಸ್ಟಿಕ್ ಅನ್ನುವ ಒಂದೇ ಪ್ರೋಗ್ರಾಂ. ಅದು ಪಾಸ್‌ವರ್ಡ್ ಇಲ್ಲದೆ ಒಂದು ಫೈಲನ್ನೂ ಕೊಡುವುದಿಲ್ಲ, ಮರೆತರೆ ಬೇರೆ ದಾರಿಯೂ ಇಲ್ಲ. ಅದೂ ಸೇರಿ ಎಲ್ಲ ಪಾಸ್‌ವರ್ಡ್, ಕ್ಲೌಡಿನ ಕೀ ಕೂಡ, ಪಾಸ್‌ವರ್ಡ್ ವಾಲ್ಟಿನಲ್ಲಿದ್ದವು. ವಾಲ್ಟಿನ ಫೈಲು ಲ್ಯಾಪ್‌ಟಾಪಿನಲ್ಲಿತ್ತು, ಅದರ ಕಾಪಿ ಬ್ಯಾಕಪ್ಪಿನ ಒಳಗಿತ್ತು. ತಿಜೋರಿಯ ಬೀಗದ ಕೈಯನ್ನು ತಿಜೋರಿಯಲ್ಲೇ ಇಟ್ಟ ಹಾಗೆ ಆಗಬಾರದಲ್ವಾ? ಅದಕ್ಕೇ ಬ್ಯಾಕಪ್ಪಿನ ಪಾಸ್‌ವರ್ಡನ್ನು ಮಾತ್ರ ಕಾಗದದಲ್ಲೂ ಬರೆದು, ಸಾಗರದಲ್ಲಿ ಅಮ್ಮನ ಬೀರುವಿನಲ್ಲಿ, ಬಂಗಾರದ ರಸೀದಿಗಳ ಡಬ್ಬದಲ್ಲಿ ಇಡಿಸಿದ್ದಳು.

ಒಂಬತ್ತೂವರೆಗೆ ಅಮ್ಮನಿಗೆ ಫೋನ್.

"ಈಗಾ? ಧಾರಾವಾಹಿ ನಡೀತಾ ಇದೆ ಮಾರಾಯ್ತಿ."

"ಅಮ್ಮಾ, ಲ್ಯಾಪ್‌ಟಾಪ್ ಕಳೆದೋಯ್ತು."

ಟಿವಿ ಸದ್ದು ನಿಂತಿತು. ಮುಂದಿನ ಹತ್ತು ನಿಮಿಷ ನಡೆದದ್ದನ್ನು ಇಲ್ಲಿ ಬರೆಯುವುದು ಬೇಡ. ಬ್ಯಾಗನ್ನು ತೊಡೆ ಮೇಲೆ ಇಟ್ಟುಕೊಳ್ಳಬೇಕಿತ್ತು, ಇಷ್ಟು ದೂರದ ಊರಿಗೆ ಹೋಗಲೇಬಾರದಿತ್ತು, ಶಿವಮೊಗ್ಗದಲ್ಲಿ ಕೆಲಸ ಇರಲಿಲ್ವಾ, ಹೀಗೆ. ಆಮೇಲೆ ಬೀರು ತೆಗೆದ ಶಬ್ದ.

"ಸಿಕ್ತು. ಫೋಟೋ ಕಳಿಸ್ಲಾ?"

"ಬೇಡಮ್ಮ, ಓದು. ಫೋಟೋ ಹೊಡೆದ್ರೆ ಅದು ಎಲ್ಲೆಲ್ಲಿ ಉಳಿಯುತ್ತೋ."

ಬಸವರಾಜನ ಲ್ಯಾಪ್‌ಟಾಪಿಗೆ ಹಾರ್ಡ್ ಡಿಸ್ಕ್ ಚುಚ್ಚಿ, ರೆಸ್ಟಿಕ್ ಇಳಿಸಿಕೊಂಡು, ಟೈಪ್ ಮಾಡಿದಳು:

```
restic -r E:\backup snapshots
```

ಪಾಸ್‌ವರ್ಡ್ ಕೇಳಿತು. ಅಮ್ಮ ಓದಿದರು, ಇಂಗ್ಲಿಷ್ ಅಕ್ಷರದಲ್ಲಿ ಬರೆದ ಆರು ಕನ್ನಡ ಪದ. ಅಡಿಕೆ, ಕಂಬಳಿ, ಮುಗಿಲು, ಚಾಕು, ಬೆಳ್ಳುಳ್ಳಿ, ಡಬ್ಬಿ. "ಇದೇನೇ ಇದು, ಸಂತೆ ಚೀಟಿ ತರ?" ಅಂತ ನಕ್ಕರು ಕೂಡ. ಟೈಪ್ ಮಾಡಿದ್ದು ಪರದೆಯ ಮೇಲೆ ಒಂದು ಚುಕ್ಕಿಯಾಗಿಯೂ ಕಾಣುವುದಿಲ್ಲ. ಎಂಟರ್ ಒತ್ತಿದಳು.

```
wrong password or no key found. Try again
```

ಇನ್ನೊಮ್ಮೆ. ಮತ್ತೆ ಅದೇ.

ಸಂಕ್ರಾಂತಿಯಲ್ಲಿ ತೆಗೆದು ನೋಡಿದಾಗ ಅವಳು ಪಾಸ್‌ವರ್ಡನ್ನು ವಾಲ್ಟಿನಿಂದ ಕಾಪಿ ಮಾಡಿ ಹಾಕಿದ್ದಳು, ಕೈಯಿಂದ ಹೊಡೆದಿರಲಿಲ್ಲ. ಫ್ಯಾನು ಬಿಸಿಗಾಳಿಯನ್ನೇ ಸುತ್ತಿಸುತ್ತಿತ್ತು. ನೋಟ್‌ಪ್ಯಾಡಿನಲ್ಲಿ ಹೊಡೆದು ಕಣ್ಣಾರೆ ನೋಡಿಕೊಂಡಳು. ಸರಿಯಾಗೇ ಇದೆಯಲ್ಲ?

"ಅಮ್ಮ, ಒಂದೊಂದೇ ಅಕ್ಷರ ಓದು. ಅವಸರ ಬೇಡ."

ಮೂವತ್ತು ವರ್ಷ ಅಂಗನವಾಡಿಯಲ್ಲಿ ಮಕ್ಕಳಿಗೆ ಅಕ್ಷರ ಹೇಳಿಕೊಟ್ಟವರು. ಸ್ವರ ಬದಲಾಯಿತು. "ಎ, ಡಿ, ಐ, ಕೆ, ಇ. ಆಯ್ತಾ? ಮುಂದೆ. ಕೆ, ಎ, ಎಂ..." ನಾಲ್ಕನೇ ಪದಕ್ಕೆ ಬಂದಾಗ "ಸಿ, ಎಚ್, ಎ, ಎ, ಕೆ, ಯು" ಅಂದರು.

"ಎರಡು ಎ ಇದೆಯಾ?"

"ಇದೆ. ಚಾ ಅಂದ್ರೆ ದೀರ್ಘ ಅಲ್ವೇನೆ?"

ಚೈತ್ರ `chaku` ಅಂತ ಹೊಡೆಯುತ್ತಿದ್ದಳು. ಕಾಗದದಲ್ಲಿ ಇದ್ದದ್ದು `chaaku`. ಸರಿ ಮಾಡಿ ಎಂಟರ್ ಒತ್ತಿದ ಕೂಡಲೇ ದಿನಾಂಕಗಳ ಪಟ್ಟಿ ಉದ್ದಕ್ಕೆ ಇಳಿಯಿತು. ಕೊನೆಯ ದಿನಾಂಕ ಹಿಂದಿನ ಭಾನುವಾರದ್ದು. ನೋಟ್‌ಪ್ಯಾಡನ್ನು ಸೇವ್ ಮಾಡದೆ ಮುಚ್ಚಿದಳು.

"ಬಂತಮ್ಮಾ!"

"ಬಂತಾ? ಹಾಗಾದ್ರೆ ಇದನ್ನ ಡಬ್ಬದಲ್ಲೇ ಇಡ್ಲಾ?"

"ಅಲ್ಲೇ ಇಡು."

```
restic -r E:\backup restore latest --target D:\vapas
```

ಇದು ಓಡುವಾಗ ಮಾಡುವಂಥದ್ದು ಏನೂ ಇಲ್ಲ, ಸುಮ್ನೆ ಕೂರಬೇಕು. ಮುಗಿದ ಮೇಲೆ `D:\vapas` ಒಳಗೆ `C` ಅನ್ನುವ ಫೋಲ್ಡರ್, ಅದರೊಳಗೆ `Users`, ಅದರೊಳಗೆ ಅವಳದ್ದೇ ಹೆಸರು. ವಾಲ್ಟಿನ ಫೈಲು ತೆರೆಯಿತು. ಅದರ ಮಾಸ್ಟರ್ ಪಾಸ್‌ವರ್ಡನ್ನು ದಿನಾ ಹೊಡೆದೂ ಹೊಡೆದೂ ಬೆರಳಿಗೇ ಬಾಯಿಪಾಠವಾಗಿತ್ತು. ಅದರಿಂದ ಕ್ಲೌಡಿನ ಕೀ ಸಿಕ್ಕಿತು. ಪೂರ್ತಿ ಇಳಿಸಿಕೊಳ್ಳಲು ನೀಲಮ್ಮನವರ ಮನೆಯ ನೆಟ್ಟಿಗೆ ಬೆಳಗಿನವರೆಗೂ ಬೇಕಾಗುತ್ತಿತ್ತು. ಹಾಗಾಗಿ ಸಿಂಧನೂರಿನ ಫೋಲ್ಡರ್ ಒಂದನ್ನೇ `--include` ಕೊಟ್ಟು ತೆಗೆದಳು. ನಿನ್ನೆ ರಾತ್ರಿಯವರೆಗಿನದ್ದು ಬಂತು. ಹಳೆಯ ಇಂಜಿನಿಯರ್ ಬರೆದಿಟ್ಟ ಟಿಪ್ಪಣಿಗಳೆಲ್ಲ ಸಾಲುಸಾಲಾಗಿ ಹಾಗೇ ಇದ್ದವು. "ಈ ಟೈಮರ್ ಕಡಿಮೆ ಮಾಡಬೇಡಿ, ಎಲಿವೇಟರ್ ಬುಡದಲ್ಲಿ ಭತ್ತ ಕಟ್ಟುತ್ತೆ." "ಈ ಸೆನ್ಸರ್ ಎರಡು ಡಿಗ್ರಿ ಜಾಸ್ತಿ ತೋರಿಸುತ್ತೆ, ಗೌಡರಿಗೆ ಹೇಳಿದೆ, ಬದಲಿಸಲ್ಲ ಅಂದ್ರು."

ಇನ್ನು ಉಳಿದದ್ದು ಇವತ್ತಿನ ಕೆಲಸ. ಮಧ್ಯಾಹ್ನ ಗಿರಣಿಯಲ್ಲಿ ಕೂತು ಬರ್ನರ್ ಆರಿದ ಮೇಲೆ ಫ್ಯಾನು ಓಡುವ ಸಮಯವನ್ನು ಐದರಿಂದ ಎಂಟು ನಿಮಿಷಕ್ಕೆ ಏರಿಸಿದ್ದಳು, ಜೊತೆಗೆ ಫ್ಯಾನು ಓಡದೆ ಬರ್ನರ್ ಹೊತ್ತದ ಹಾಗೆ ಒಂದು ತಡೆ ಹಾಕಿದ್ದಳು. ಅದು ಯಾವ ಬ್ಯಾಕಪ್ಪಿನಲ್ಲೂ ಇರಲಿಲ್ಲ. ಆದರೆ ಗಿರಣಿಯ ಪಿಎಲ್‌ಸಿಯಲ್ಲಿ ಇತ್ತು! ಪಿಎಲ್‌ಸಿಯಿಂದ ಪ್ರೋಗ್ರಾಂ ವಾಪಸ್ ತೆಗೆಯಬಹುದು. ಆ ಮಾದರಿಯಲ್ಲಿ ಟಿಪ್ಪಣಿ ಮತ್ತು ಹೆಸರುಗಳು ಮಾತ್ರ ಬರುವುದಿಲ್ಲ, ಬರೀ ನಂಬರುಗಳ ಕಾಡು. ಆ ಕಾಡಿನಲ್ಲಿ ದಾರಿ ಹುಡುಕಲು ನಿನ್ನೆಯ ಫೈಲು ಸಾಕು.

ಬೆಳಗಿನ ಮೊದಲ ಬಸ್ಸಿಗೆ ಸಿಂಧನೂರು. ಮಾನ್ವಿಯಲ್ಲಿ ಬಸ್ ನಿಂತಾಗ ಇಳಿದು ಸ್ಟ್ಯಾಂಡಿನಲ್ಲಿ ಇನ್ನೊಮ್ಮೆ ಕೇಳಿದಳು, ಇಲ್ಲ ಅಂದರು. ಗಿರಣಿಯ ಅಂಗಳದಲ್ಲಿ ಭತ್ತದ ರಾಶಿ ನಿನ್ನೆಗಿಂತ ದೊಡ್ಡದಾಗಿತ್ತು. ಎಡದಂಡೆ ಕಾಲುವೆಯ ಕಡೆಯ ಕೊಯ್ಲೆಲ್ಲ ಒಟ್ಟಿಗೇ ಬರುವ ಸಮಯ, ಟ್ರಾಕ್ಟರುಗಳು ಗೇಟಿನ ಹೊರಗೂ ನಿಂತಿದ್ದವು. ಹಸಿ ಭತ್ತವನ್ನು ಹೆಚ್ಚು ದಿನ ರಾಶಿ ಹಾಕಿದರೆ ಒಳಗೇ ಬಿಸಿಯಾಗಿ ಅಕ್ಕಿ ಹಳದಿಯಾಗುತ್ತದೆ. ಹದಿನಾಲ್ಕು ಪರ್ಸೆಂಟ್ ತೇವಕ್ಕೆ ಇಳಿಸಿದರೆ ಮಿಲ್ಲಿಗೆ ಚೆಂದ. ಗೌಡರ ಮುಖದಲ್ಲಿ ಆ ಲೆಕ್ಕವೆಲ್ಲ ಕಾಣುತ್ತಿತ್ತು.

"ಎಲ್ಲಾ ಹೋತಂತಲ್ರಿ ಮೇಡಂ? ವೀರೇಶ ಹೇಳಿದ."

"ಮಷೀನು ಹೋಯ್ತು ಗೌಡ್ರೆ. ಕೆಲ್ಸ ಇದೆ."

ಪಿಎಲ್‌ಸಿ ಸಾಫ್ಟ್‌ವೇರಿನ ಲೈಸೆನ್ಸ್ ಡಾಂಗಲ್ ಪುಣ್ಯಕ್ಕೆ ರೂಮಿನ ಕೀಗೊಂಚಲಿನಲ್ಲಿತ್ತು. ಕೇಬಲ್ ಚುಚ್ಚಿ ಪಿಎಲ್‌ಸಿಯಿಂದ ಪ್ರೋಗ್ರಾಂ ತೆಗೆದು, ಬ್ಯಾಕಪ್ಪಿನಿಂದ ಬಂದದ್ದರ ಪಕ್ಕದಲ್ಲಿಟ್ಟು ಹೋಲಿಸಿದಳು. ವ್ಯತ್ಯಾಸ ಬಂದದ್ದು ಎರಡೇ ಕಡೆ. ಟೈಮರ್ ಒಂದು, ಬರ್ನರಿನ ತಡೆ ಒಂದು. ಎರಡನ್ನೂ ಟಿಪ್ಪಣಿ ಇರುವ ಫೈಲಿಗೆ ಸೇರಿಸಿ, ಪಕ್ಕದಲ್ಲಿ ಯಾಕೆ ಅಂತ ಬರೆದು, ಸೇವ್ ಮಾಡಿದಳು.

ಹನ್ನೊಂದರ ಹೊತ್ತಿಗೆ ಬರ್ನರ್ ಹೊತ್ತಿತು. ಗೌಡರು ಒಂದು ಹಿಡಿ ಭತ್ತ ಎತ್ತಿ, ಹಲ್ಲಿನಲ್ಲಿ ಒಂದು ಕಾಳು ಕಡಿದು ನೋಡಿ, ಏನೂ ಹೇಳದೆ ಟ್ರಾಕ್ಟರುಗಳ ಕಡೆ ನಡೆದರು. ಗುಮಾಸ್ತ ಮಂಡಾಳು, ಮಿರ್ಚಿ ತಂದಿಟ್ಟ. ಚೈತ್ರ ಫೋನಿನ ಹಾಟ್‌ಸ್ಪಾಟ್ ಹಾಕಿ ಬ್ಯಾಕಪ್ ಶುರುಮಾಡಿದಳು.

"ಈಗ್ಯಾಕ್ರೀ ಮತ್ತ, ರಾತ್ರಿ ಮಾಡಬೌದಲ್ಲ?" ಅವನು ಪರದೆ ನೋಡುತ್ತ ಕೇಳಿದ.

"ರಾತ್ರಿ ಆಗ್ಬೇಕಂದ್ರೆ ಮೊದ್ಲು ಬಸ್ ಹತ್ತಬೇಕಲ್ಲ" ಅಂದು ಅವಳು ಇನ್ನೊಂದು ಮಿರ್ಚಿಗೆ ಕೈ ಹಾಕಿದಳು.